ಪಂಕ್ತಿಯಲ್ಲಿ ಕೂತವರು, ಬಡಿಸಲು ನಿಂತವರು

ದೊಡ್ಡ ತಾಂತ್ರಿಕ ಸಮ್ಮೇಳನಗಳಲ್ಲಿ ಬೆಳಗಿನ ಟೀ ವಿರಾಮದ ಹೊತ್ತಿಗೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಮುಖ್ಯ ಭಾಷಣ ಮುಗಿಸಿದವರು ವೇದಿಕೆ ಇಳಿದು ಬಾಗಿಲವರೆಗೂ ಬಂದಿರುವುದಿಲ್ಲ, ಅಷ್ಟರಲ್ಲಿ ಸುತ್ತ ಇಪ್ಪತ್ತು ಮೂವತ್ತು ಜನ ಸೇರಿರುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಅರ್ಧ ನಿಮಿಷ. "ತುಂಬಾ ಚೆನ್ನಾಗಿತ್ತು ಸರ್" ಎಂಬ ಒಂದು ಮಾತು, ಒಂದು ಸೆಲ್ಫಿ, ಲಿಂಕ್ಡ್‌ಇನ್‌ನಲ್ಲಿ ಸೇರಿಕೊಳ್ಳಲು ಒಂದು ಕ್ಯೂಆರ್ ಕೋಡ್, ಅಷ್ಟೇ. ಮರುದಿನ ಆ ಭಾಷಣಕಾರರಿಗೆ ಆ ಮೂವತ್ತರಲ್ಲಿ ಒಬ್ಬರ ಮುಖವೂ ನೆನಪಿರುವುದಿಲ್ಲ. ಅದು ಅವರ ಸೊಕ್ಕಲ್ಲ, ಅಷ್ಟು ಮುಖಗಳನ್ನು ಅಷ್ಟು ಹೊತ್ತಿನಲ್ಲಿ ನೆನಪಿಟ್ಟುಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಅದೇ ಗುಂಪಿನ ಅಂಚಿನಲ್ಲಿ ಬೇರೆ ಬಣ್ಣದ ಟೀ ಶರ್ಟ್ ತೊಟ್ಟ ಒಬ್ಬಳು ನಿಂತಿರುತ್ತಾಳೆ. ಅವಳು ಮಾತಿಗೆ ಕಾಯುತ್ತಿರುವುದಲ್ಲ. ವೇದಿಕೆ ಮೇಲೆ ಮರೆತು ಬಂದ ಚಾರ್ಜರ್ ಅವಳ ಕೈಯಲ್ಲಿದೆ. ಭಾಷಣಕಾರರು ಅವಳನ್ನು ಕಂಡೊಡನೆ ಹೆಸರು ಹಿಡಿದು ಕರೆದು, "ನಾಲ್ಕು ಗಂಟೆಗೆ ಸ್ವಲ್ಪ ಬಿಡುವಿದೆ ಅಂದೆಯಲ್ಲ, ಆಗ ಕೂತು ಮಾತಾಡೋಣ" ಎನ್ನುತ್ತಾರೆ. ಸುತ್ತಲಿದ್ದವರಿಗೆ ಇದು ಯಾವ ವಶೀಲಿಯೋ ಎನಿಸಬಹುದು. ವಶೀಲಿ ಏನೂ ಇಲ್ಲ. ಕಳೆದ ಮೂರು ತಿಂಗಳಲ್ಲಿ ಆ ಭಾಷಣಕಾರರಿಗೆ ರೈಲು, ರೂಮು, ಸ್ಲೈಡು, ಊಟ ಎಂದು ಹತ್ತಾರು ಸಲ ಬರೆದವಳು ಅವಳೇ. ಮದುವೆಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವನಿಗೆ ಅಕ್ಕಪಕ್ಕದ ಇಬ್ಬರ ಪರಿಚಯವಾದರೆ ಹೆಚ್ಚು. ಸಾರಿನ ಬಕೆಟ್ ಹಿಡಿದು ಓಡಾಡುವವನಿಗೆ ಇಡೀ ಪಂಕ್ತಿಯೇ ಗೊತ್ತಾಗುತ್ತದೆ.

ಸಮ್ಮೇಳನಗಳಲ್ಲಿ ಸ್ವಯಂಸೇವೆ ಮಾಡಿ ಎಂದು ಯುವ ಎಂಜಿನಿಯರುಗಳಿಗೆ ಹಿರಿಯರು ಹೇಳುವುದು ಇದೇ ಕಾರಣಕ್ಕೆ. ಆದರೆ ಯಾವ ಕೆಲಸ, ಯಾವಾಗ, ಎಷ್ಟು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಹೋದವರು ಎರಡು ದಿನ ಪಾರ್ಕಿಂಗಿನಲ್ಲಿ ಬಾಣದ ಗುರುತಿನ ಫಲಕ ಹಿಡಿದು ನಿಂತು, ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು ಪಡೆದು ಮನೆಗೆ ಬರುತ್ತಾರೆ. ಪಾರ್ಕಿಂಗಿಗೂ ಜನ ಬೇಕು, ನಿಜ. ಆದರೆ ಅಲ್ಲಿ ಪರಿಚಯವಾಗುವುದು ಕಾರುಗಳದು.

ಸ್ವಯಂಸೇವಕರೇ ಎಲ್ಲವನ್ನೂ ಹೊತ್ತು ನಡೆಸುವ ಸಮ್ಮೇಳನಗಳಲ್ಲಿ ಮಾತ್ರ ಈ ದಾರಿ ಸರಿಯಾಗಿ ತೆರೆದುಕೊಳ್ಳುತ್ತದೆ. ದೊಡ್ಡ ವಾಣಿಜ್ಯ ಮೇಳಗಳನ್ನು ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಗಳು ನಡೆಸುತ್ತವೆ. ಅಲ್ಲಿ ಭಾಷಣಕಾರರ ಜತೆ ವ್ಯವಹರಿಸಲು ಸಂಬಳದ ನೌಕರರಿರುತ್ತಾರೆ, ಹೊರಗಿನವರಿಗೆ ಒಳಗೆ ಜಾಗವಿಲ್ಲ. ಸಮುದಾಯದ ಸಮ್ಮೇಳನಗಳ ರೀತಿ ಬೇರೆ, ಮತ್ತು ಆ ವಿಷಯದಲ್ಲಿ ಬೆಂಗಳೂರಿಗೆ ಒಳ್ಳೆಯ ಇತಿಹಾಸವೇ ಇದೆ. 2001ರಲ್ಲಿ ಇಲ್ಲಿ 'ಲಿನಕ್ಸ್ ಬೆಂಗಳೂರ್' ಶುರುವಾಯಿತು. ಅತುಲ್ ಚಿಟ್ನಿಸ್ ಮತ್ತು ಗೆಳೆಯರ ಆ ಪ್ರಯತ್ನ 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು 2012ರವರೆಗೂ ನಡೆಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ಸೇರುವ 'ಪೈಕಾನ್ ಇಂಡಿಯಾ' ಮೊದಲ ಬಾರಿ ನಡೆದದ್ದು 2009ರ ಸೆಪ್ಟೆಂಬರಿನಲ್ಲಿ, ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಪುಣೆ, ದೆಹಲಿ, ಹೈದರಾಬಾದ್, ಚೆನ್ನೈಗಳನ್ನು ಸುತ್ತಿ 2024ರಲ್ಲಿ ಅದು ಮತ್ತೆ ಬೆಂಗಳೂರಿಗೆ, ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿಗೆ ಬಂತು. ಅದೇ ತಿಂಗಳು, ಅದೇ ಜಾಗದಲ್ಲಿ ಮುಕ್ತ ತಂತ್ರಾಂಶದವರ 'ಇಂಡಿಯಾಫಾಸ್' ಕೂಡ ನಡೆಯಿತು. ಇವುಗಳ ಸಮಿತಿಯಲ್ಲಿರುವವರು ಹಗಲು ಬೇರೆಲ್ಲೋ ಕೆಲಸ ಮಾಡಿ, ರಾತ್ರಿ ಮತ್ತು ವಾರದ ಕೊನೆಯಲ್ಲಿ ಇದಕ್ಕೆ ಕೂರುವ ಜನ. ಕೈಗಳು ಯಾವಾಗಲೂ ಕಡಿಮೆಯೇ. ಆದ್ದರಿಂದ ಹೊಸಬರಿಗೆ ಬಾಗಿಲು ತೆರೆದೇ ಇರುತ್ತದೆ.

ಬಾಗಿಲು ತೆರೆದಿರುವುದು ನಿಜವಾದರೂ ಹೊಸಬರು ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ಟಿಕೆಟ್ ಮಾರಾಟ ಶುರುವಾದ ಮೇಲೆ, ಸಮ್ಮೇಳನಕ್ಕೆ ಮೂರು ವಾರ ಇರುವಾಗ 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂಬ ಪ್ರಕಟಣೆ ಬರುತ್ತದಲ್ಲ, ಅದನ್ನು ನೋಡಿ ಹೆಸರು ಕೊಡುತ್ತಾರೆ. ಆ ಪ್ರಕಟಣೆ ಇರುವುದೇ ಆ ಎರಡು ದಿನದ ಕೈಗೆಲಸಕ್ಕೆ: ಬ್ಯಾಡ್ಜ್ ಹಂಚಲು, ಸಾಲು ನಿಲ್ಲಿಸಲು, ಮೈಕು ಹಿಡಿದು ಓಡಾಡಲು. ಸೆಪ್ಟೆಂಬರಿನಲ್ಲಿ ಸಮ್ಮೇಳನವಿದ್ದರೆ ಅದರ ಸಮಿತಿ ಕೂರುವುದು ಹಿಂದಿನ ಡಿಸೆಂಬರ್ ಅಥವಾ ಜನವರಿಯಲ್ಲಿ. ಮಾರ್ಚ್ ಏಪ್ರಿಲ್ ಹೊತ್ತಿಗೆ ಪ್ರಾಯೋಜಕರ ಹುಡುಕಾಟ ಮತ್ತು ಭಾಷಣಗಳ ಆಹ್ವಾನ ಶುರುವಾಗಿರುತ್ತದೆ. ಅಷ್ಟರೊಳಗೆ ನಿಮ್ಮ ಮುಖ ಅವರಿಗೆ ಗೊತ್ತಿರಬೇಕು. ಅದಕ್ಕೆ ಇರುವ ದಾರಿ ಊರಿನ ತಿಂಗಳ ಸಭೆಗಳು. ಬೆಂಗಳೂರಿನ ಪೈಥಾನ್ ಬಳಕೆದಾರರ ಗುಂಪು 'ಬ್ಯಾಂಗ್‌ಪೈಪರ್ಸ್' ಹೀಗೆ ಯಾವುದಾದರೂ ಕಚೇರಿಯ ಹಾಲಿನಲ್ಲಿ ಸೇರುತ್ತದೆ. ಆ ಸಭೆಗಳಿಗೆ ನಾಲ್ಕೈದು ತಿಂಗಳು ಹೋಗಿ, ಕುರ್ಚಿ ಜೋಡಿಸಿ, ಒಂದು ಸಲ ಜಾಗ ಒದಗಿಸಿಕೊಟ್ಟವರನ್ನು ಸಮಿತಿಯವರೇ ಕರೆಯುತ್ತಾರೆ. ನಿಮ್ಮ ಊರಿನಲ್ಲಿ ಅಂಥ ಗುಂಪಿದ್ದರೆ ಅಲ್ಲಿಂದಲೇ ಶುರು ಮಾಡಬಹುದು.

ಇನ್ನು ಕೆಲಸದ ಆಯ್ಕೆ. ಸಮಿತಿಯೊಳಗೆ ಸಣ್ಣ ತಂಡಗಳಿರುತ್ತವೆ: ಜಾಗ ಮತ್ತು ಊಟ ನೋಡುವವರು, ವಿನ್ಯಾಸದವರು, ಟಿಕೆಟ್‌ನವರು, ವಿಡಿಯೊದವರು, ಪ್ರಚಾರದವರು, ಕಾರ್ಯಕ್ರಮದವರು, ಪ್ರಾಯೋಜಕರ ವಿಭಾಗದವರು. ಭಾಷಣಕಾರರು ಮತ್ತು ಪ್ರಾಯೋಜಕರ ಜತೆ ದಿನನಿತ್ಯದ ಒಡನಾಟ ಇರುವುದು ಕೊನೆಯ ಎರಡಕ್ಕೆ. ಎರಡರ ಸ್ವಭಾವವೂ ಬೇರೆ, ಹಾಗಾಗಿ ಬೇರೆ ಬೇರೆಯಾಗಿಯೇ ನೋಡೋಣ.

ಕಾರ್ಯಕ್ರಮದ ತಂಡದ ಮೊದಲ ಕೆಲಸ ಬಂದ ಪ್ರಸ್ತಾವಗಳನ್ನು ಓದುವುದು. 'ನಾನು ಈ ವಿಷಯದ ಮೇಲೆ ಮಾತಾಡುತ್ತೇನೆ' ಎಂದು ದೇಶದ ಎಲ್ಲೆಡೆಯಿಂದ ಬರೆದುಕೊಂಡವರ ಸಾರಾಂಶಗಳನ್ನು ಪರಿಶೀಲಕರು ಓದಿ, ಅಂಕ ಕೊಟ್ಟು, ಟಿಪ್ಪಣಿ ಬರೆಯುತ್ತಾರೆ. ಅನೇಕ ಕಡೆ ಮೊದಲ ಸುತ್ತಿನಲ್ಲಿ ಬರೆದವರ ಹೆಸರು ಮುಚ್ಚಿರುತ್ತಾರೆ. ಪರಿಚಯ ಬೆಳೆಸಲು ಬಂದವರಿಗೆ ಇದು ಬೇಸರದ ಕೆಲಸ ಎನಿಸಬಹುದು. ಆದರೆ ಒಳ್ಳೆಯ ಟಿಪ್ಪಣಿ ಎಷ್ಟು ದೂರ ಹೋಗುತ್ತದೆ ನೋಡಿ. 'ವಿಷಯ ಚೆನ್ನಾಗಿದೆ' ಎಂದು ಬರೆದವರನ್ನು ಯಾರೂ ಕೇಳುವುದಿಲ್ಲ. 'ನಿಮ್ಮ ಸಾರಾಂಶದಲ್ಲಿ ಮೊದಲ ಹತ್ತು ನಿಮಿಷ ಪೀಠಿಕೆಗೇ ಹೋಗುತ್ತಿದೆ. ನಿಮ್ಮ ಡೇಟಾಬೇಸ್ ಕುಸಿದ ಆ ರಾತ್ರಿಯಿಂದಲೇ ಶುರು ಮಾಡಿದರೆ ಕೇಳುವವರು ಎದ್ದು ಕೂರುತ್ತಾರೆ' ಎಂದು ಬರೆದವರಿಗೆ ಧನ್ಯವಾದದ ಜತೆ ಎರಡು ಪ್ರಶ್ನೆಗಳೂ ವಾಪಸ್ ಬರುತ್ತವೆ. ಭಾಷಣ ಆಯ್ಕೆಯಾಗದಿದ್ದರೂ ಬರುತ್ತವೆ. ತಿರಸ್ಕರಿಸುವಾಗ ಕಾರಣ ತಿಳಿಸುವವರು ಎಲ್ಲಾ ಕ್ಷೇತ್ರದಲ್ಲೂ ಅಪರೂಪ, ಅಂಥವರನ್ನು ಜನ ಮರೆಯುವುದಿಲ್ಲ.

ಆಯ್ಕೆ ಮುಗಿದ ಮೇಲೆ ಭಾಷಣಕಾರರ ಸಂಪರ್ಕದ ಕೆಲಸ ಶುರುವಾಗುತ್ತದೆ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎರಡು ದಿನದ ಸಮ್ಮೇಳನ, ಐನೂರು ಜನ, ಮೂವತ್ತು ಭಾಷಣಗಳು. ಹಾಸನದಲ್ಲಿ ಓದಿ, ಬೆಂಗಳೂರಿನ ಸಣ್ಣ ಕಂಪನಿಯಲ್ಲಿ ಎರಡು ವರ್ಷದಿಂದ ದುಡಿಯುತ್ತಿರುವ ಹುಡುಗಿಯೊಬ್ಬಳಿಗೆ ಸಮಿತಿ ಎಂಟು ಭಾಷಣಕಾರರನ್ನು ವಹಿಸಿತು ಎಂದಿಟ್ಟುಕೊಳ್ಳಿ. ಎಂಟು ಜನ ಒಬ್ಬರ ಕೈಗೆ ಹದವಾದ ಸಂಖ್ಯೆ. ಮೂವತ್ತೂ ಒಬ್ಬಳದೇ ಆದರೆ ಅವು ಬರೀ ಸುತ್ತೋಲೆಗಳಾಗುತ್ತವೆ. ಅವಳ ಮೊದಲ ಪತ್ರ ಆಯ್ಕೆಯ ಸುದ್ದಿಯದು. ಅದರಲ್ಲಿ ದಿನ, ಅವಧಿ, ಒಪ್ಪಿಗೆ ತಿಳಿಸಬೇಕಾದ ಕೊನೆಯ ದಿನ ಇರುತ್ತವೆ. ಪ್ರಯಾಣದ ಖರ್ಚಿನಲ್ಲಿ ಸಮಿತಿ ಎಷ್ಟು ಕೊಡುತ್ತದೆ, ಎಷ್ಟು ಕೊಡುವುದಿಲ್ಲ ಎಂಬುದನ್ನೂ ಅಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಈ ಒಂದು ಸಾಲನ್ನು ಸಂಕೋಚದಿಂದ ಬಿಟ್ಟರೆ ಆಮೇಲೆ ಮನಸ್ತಾಪವಾಗುವುದು ಖಂಡಿತ. ವಿದೇಶದಿಂದ ಬರುವವರಿದ್ದರೆ ವೀಸಾಕ್ಕೆ ಬೇಕಾದ ಆಹ್ವಾನಪತ್ರ ಆ ವಾರವೇ ಹೋಗಬೇಕು, ಅದಕ್ಕೆ ಹಿಡಿಯುವ ಕಾಲ ಸಮಿತಿಯ ಕೈಯಲ್ಲಿರುವುದಿಲ್ಲ.

ಆಮೇಲೆ ಫೋಟೊ, ಎರಡು ಸಾಲಿನ ಪರಿಚಯ, ಹೆಸರನ್ನು ಹೇಗೆ ಉಚ್ಚರಿಸಬೇಕು, ಸ್ವಂತ ಲ್ಯಾಪ್‌ಟಾಪ್ ತರುತ್ತಾರೋ, ಊಟದಲ್ಲಿ ಏನು ಆಗದು, ಹೀಗೆ ಸಣ್ಣ ಸಣ್ಣ ಪ್ರಶ್ನೆಗಳು. ಇವನ್ನೆಲ್ಲ ಒಂದೇ ಪತ್ರದಲ್ಲಿ, ತುಂಬಲು ಒಂದೇ ಫಾರ್ಮಿನಲ್ಲಿ ಕೇಳುವುದು ಸಭ್ಯತೆ. ದಿನಕ್ಕೊಂದು ಪ್ರಶ್ನೆ ಕಳಿಸಿದರೆ ಸಲಿಗೆ ಬೆಳೆಯುತ್ತದೆಂದು ಕೆಲವರು ಭಾವಿಸುತ್ತಾರೆ. ಬೆಳೆಯುವುದು ಕಿರಿಕಿರಿ ಮಾತ್ರ.

ಈ ಹಂತದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಆ ಎಂಟರಲ್ಲಿ ಮೂವರಾದರೂ ಮೊದಲ ಸಲ ವೇದಿಕೆ ಏರುವವರು ಇರುತ್ತಾರೆ. ಅವರಿಗೆ ಹೊಟ್ಟೆಯೊಳಗೆ ಪುಕಪುಕ. ಸಮ್ಮೇಳನಕ್ಕೆ ಎರಡು ವಾರ ಮುಂಚೆ ಒಂದು ಸಂಜೆ ವಿಡಿಯೊ ಕರೆಯಲ್ಲಿ ಅವರ ಇಡೀ ಭಾಷಣವನ್ನು ಕೇಳಿ, ಗಡಿಯಾರ ನೋಡಿ, "ಸ್ಲೈಡು ಹದಿನಾರರಲ್ಲಿ ಅಕ್ಷರ ಸಣ್ಣದು, ಹಿಂದಿನ ಸಾಲಿಗೆ ಕಾಣಲ್ಲ. ಇಪ್ಪತ್ತೈದು ನಿಮಿಷದ ಜಾಗದಲ್ಲಿ ಮೂವತ್ತೊಂದು ಆಯ್ತು, ಮಧ್ಯದ ಡೆಮೊ ಬಿಟ್ಟರೆ ಸರಿಹೋಗುತ್ತೆ" ಎಂದು ಹೇಳುವವರು ಬೇಕು. ನಮ್ಮ ಹುಡುಗಿ ಆ ಮೂವರಿಗೆ ತಲಾ ಒಂದು ಗಂಟೆ ಕೊಟ್ಟಳು ಎನ್ನಿ. ಮುಖ್ಯ ಭಾಷಣಕಾರರಿಗೆ ಇಂಥ ಸಹಾಯ ಬೇಕಿಲ್ಲ, ಅವರ ಸುತ್ತ ಜನವೂ ಬೇಕಾದಷ್ಟಿದ್ದಾರೆ. ಈ ಮೂವರಿಗೆ ಅವಳೇ ಆಸರೆ. ಮುಂದೆ ಇವರಲ್ಲೊಬ್ಬರು ತಮ್ಮ ತಂಡಕ್ಕೆ ಜನ ಹುಡುಕುವ ಸ್ಥಾನಕ್ಕೆ ಬರುತ್ತಾರೆ, ಇನ್ನೊಬ್ಬರು ಬೇರೆ ಸಮ್ಮೇಳನದ ಆಯ್ಕೆ ಸಮಿತಿಗೆ ಹೋಗುತ್ತಾರೆ. ದೊಡ್ಡ ಹೆಸರಿನ ಬೆನ್ನು ಹತ್ತುವವರು ಇದನ್ನು ಕಾಣುವುದೇ ಇಲ್ಲ.

ಸಮ್ಮೇಳನದ ದಿನ ಅವಳು ಕೇಳಿ ಪಡೆಯಬೇಕಾದ ಕೆಲಸ ಕೋಣೆಯ ನಿರ್ವಾಹಕಿಯದು. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರ ವಾರ್ಷಿಕ ಸಮ್ಮೇಳನ 'ಡೆಬ್‌ಕಾನ್' 2023ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಆ ಸಮ್ಮೇಳನಗಳಲ್ಲಿ ಭಾಷಣಕಾರರನ್ನು ಪರಿಚಯಿಸಿ ಸಮಯ ನೋಡುವವರು, ಕ್ಯಾಮೆರಾ ಹಿಡಿಯುವವರು ಎಲ್ಲರೂ ಸ್ವಯಂಸೇವಕರೇ. ಭಾಷಣಕ್ಕೆ ಇಪ್ಪತ್ತು ನಿಮಿಷ ಮೊದಲು ಭಾಷಣಕಾರರನ್ನು ಕರೆತಂದು ಕೂರಿಸಬೇಕು. ಅವರ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಇದೆಯೋ ಟೈಪ್-ಸಿ ಮಾತ್ರವೋ ನೋಡಿ, ಅಡಾಪ್ಟರ್ ಜೇಬಿನಲ್ಲಿಟ್ಟುಕೊಂಡಿರಬೇಕು. ಕಾಲರ್ ಮೈಕು ಸಿಕ್ಕಿಸುವಾಗ ಬ್ಯಾಡ್ಜಿನ ದಾರಕ್ಕೆ ಉಜ್ಜಿ ಕರಕರ ಎನ್ನದಂತೆ ಬ್ಯಾಡ್ಜನ್ನು ತೆಗೆಸಬೇಕು. ಹತ್ತು, ಐದು, ಎರಡು ನಿಮಿಷದ ಚೀಟಿ ತೋರಿಸಬೇಕು. ಪ್ರಶ್ನೆ ಎಂದು ಎದ್ದು ನಿಂತು ಭಾಷಣ ಶುರು ಮಾಡುವ ಮಹನೀಯರನ್ನು ನಯವಾಗಿ ಕೂರಿಸಬೇಕು (ಇಂಥವರು ಎಲ್ಲಾ ಸಮ್ಮೇಳನದಲ್ಲೂ ಒಬ್ಬರಿರುತ್ತಾರೆ; ಸಾಹಿತ್ಯದಲ್ಲಿ ಇಬ್ಬರು). ನಿಜವಾದ ಮಾತುಕತೆಗೆ ಅವಕಾಶ ಸಿಗುವುದು ಇದಾದ ಮೇಲಿನ ಹತ್ತು ನಿಮಿಷದಲ್ಲಿ. ವೇದಿಕೆ ಇಳಿದವರಿಗೆ ಆಗ 'ಹೇಗಿತ್ತು' ಎಂದು ಯಾರನ್ನಾದರೂ ಕೇಳಬೇಕು ಎನಿಸುತ್ತಿರುತ್ತದೆ, ಪಕ್ಕದಲ್ಲಿರುವುದು ಅವಳು. ಭಾಷಣವನ್ನು ಪೂರ್ತಿ ಕೇಳಿದವಳೂ ಅವಳೇ. ಹೀಗಾಗಿ ಮಾತು ಹುಡುಕಬೇಕಾಗಿಯೇ ಇಲ್ಲ.

ವಿಮಾನ ನಿಲ್ದಾಣದಿಂದ ಕರೆತರುವ ಕೆಲಸಕ್ಕೆ ತುಂಬಾ ಜನ ಕೈ ಎತ್ತುತ್ತಾರೆ. ದೇವನಹಳ್ಳಿಯಿಂದ ಹೊಸೂರು ರಸ್ತೆಗೆ ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಒಂದೂವರೆ ಎರಡು ಗಂಟೆ, ಕಾರಿನಲ್ಲಿ ಇಬ್ಬರೇ, ಇನ್ನೇನು ಬೇಕು ಎಂದು. ಆದರೆ ರಾತ್ರಿಯ ವಿಮಾನ ಇಳಿದು ಬಂದವರಿಗೆ ಆ ಹೊತ್ತಿನಲ್ಲಿ ಬೇಕಾಗಿರುವುದು ನೀರಿನ ಬಾಟಲಿ, ಫೋನಿಗೆ ಚಾರ್ಜು, ಕಣ್ಣು ಮುಚ್ಚಲು ಅವಕಾಶ. ಅವರಾಗಿ ಮಾತು ತೆಗೆದರೆ ಸರಿ. ಸಿಲ್ಕ್ ಬೋರ್ಡಿನವರೆಗೂ ತನ್ನ ಸ್ಟಾರ್ಟಪ್ಪಿನ ಕಥೆ ಹೇಳಿದವನನ್ನು ಅವರು ಉಳಿದ ಎರಡು ದಿನ ದೂರದಿಂದಲೇ ನೋಡಿ ದಾರಿ ಬದಲಿಸುತ್ತಾರೆ.

ಪ್ರಾಯೋಜಕರ ಕಡೆಯ ಕೆಲಸಕ್ಕೆ ಬರೋಣ. ಇದನ್ನು ಎಂಜಿನಿಯರುಗಳು ಕೀಳಾಗಿ ಕಾಣುತ್ತಾರೆ, ದುಡ್ಡು ಕೇಳುವ ಕೆಲಸವೆಂದು ಸಂಕೋಚಪಡುತ್ತಾರೆ. ಅದಕ್ಕೇ ಇಲ್ಲಿ ಹೊಸಬರಿಗೆ ಜಾಗ ಬೇಗ ಸಿಗುತ್ತದೆ. ಮೊದಲು ದುಡ್ಡು ಯಾಕೆ ಬೇಕು ಎಂಬ ಲೆಕ್ಕ ಗೊತ್ತಿರಬೇಕು. ನಮ್ಮ ಉದಾಹರಣೆಯನ್ನೇ ಮುಂದುವರಿಸಿದರೆ, ಐನೂರು ಜನರಿಗೆ ಎರಡು ದಿನದ ಊಟ ತಿಂಡಿ ಟೀಗೆ ದಿನಕ್ಕೆ ತಲಾ 700 ರೂಪಾಯಿಯಂತೆ 7 ಲಕ್ಷ. ಹಾಲು, ಧ್ವನಿ, ಪರದೆ, ಇಂಟರ್‌ನೆಟ್ ಸೇರಿ 9 ಲಕ್ಷ. ಭಾಷಣಕಾರರ ಪ್ರಯಾಣ, ವಸತಿ 4 ಲಕ್ಷ. ಟೀ ಶರ್ಟು, ಬ್ಯಾಡ್ಜು, ವಿಡಿಯೊ ಚಿತ್ರೀಕರಣ ಮತ್ತು ಇತರೆ 4 ಲಕ್ಷ. ಒಟ್ಟು 24 ಲಕ್ಷ. ಟಿಕೆಟ್ಟಿನಿಂದ, ವಿದ್ಯಾರ್ಥಿಗಳ ರಿಯಾಯಿತಿ ಕಳೆದು ಬರುವುದು 6.5 ಲಕ್ಷ. ಉಳಿದ 17.5 ಲಕ್ಷ ಪ್ರಾಯೋಜಕರಿಂದ ಬರಬೇಕು. 5 ಲಕ್ಷ ಕೊಡುವವರು ಒಬ್ಬರು, ಎರಡೂವರೆ ಲಕ್ಷದವರು ಮೂವರು, ಒಂದು ಲಕ್ಷದವರು ಐವರು ಸಿಕ್ಕರೆ ಲೆಕ್ಕ ಕೂಡುತ್ತದೆ. ಆ ಒಂಬತ್ತು ಕಂಪನಿಗಳು ಸಿಗಬೇಕಾದರೆ ಅದರ ಹಲವು ಪಟ್ಟು ಕಂಪನಿಗಳಿಗೆ ಬರೆಯಬೇಕು, ಮತ್ತು ಆ ಒಂಬತ್ತರ ಒಳಗೂ ಒಬ್ಬೊಬ್ಬ ಮನುಷ್ಯ ಕೂತಿದ್ದಾನೆ ಎಂಬುದನ್ನು ನೆನಪಿಡಬೇಕು.

ಆ ಮನುಷ್ಯ ಯಾರು? ಕಂಪನಿಯ ಮುಖ್ಯಸ್ಥನಂತೂ ಅಲ್ಲ. ಡೆವಲಪರುಗಳ ಜತೆ ಸಂಬಂಧ ನೋಡುವ ವಿಭಾಗದವರೋ, ನೇಮಕಾತಿಯವರೋ, ಮಾರ್ಕೆಟಿಂಗಿನ ಕಿರಿಯ ಅಧಿಕಾರಿಯೋ ಆಗಿರುತ್ತಾರೆ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ನೇಮಕಾತಿಯವರಿಗೆ ಕೆಲಸ ಹುಡುಕುತ್ತಿರುವವರು ಮಳಿಗೆಗೆ ಬರಬೇಕು. ಡೆವಲಪರ್ ವಿಭಾಗದವರಿಗೆ ತಮ್ಮ ಉತ್ಪನ್ನ ಬಳಸುವವರೊಡನೆ ಮಾತಾಡಬೇಕು. ಮಾರ್ಕೆಟಿಂಗಿನವರಿಗೆ ಲೋಗೊ ಸರಿಯಾದ ಜಾಗದಲ್ಲಿ, ಸರಿಯಾದ ಬಣ್ಣದಲ್ಲಿ ಇರಬೇಕು. ಮೊದಲ ಮಾತಿನಲ್ಲೇ "ನಿಮ್ಮ ಮೇಲಿನವರು ಕೊನೆಗೆ ನಿಮ್ಮನ್ನು ಏನು ಕೇಳುತ್ತಾರೆ?" ಎಂದು ವಿಚಾರಿಸಿದವರಿಗೆ ಇದು ತಿಳಿದುಬಿಡುತ್ತದೆ. ಚಿನ್ನ, ಬೆಳ್ಳಿ, ಪ್ಲಾಟಿನಂ ಎಂಬ ದರಪಟ್ಟಿಯ ಪಿಡಿಎಫ್ ಕಳಿಸಿ ಸುಮ್ಮನಾದವರಿಗೆ ತಿಳಿಯುವುದಿಲ್ಲ.

ಒಪ್ಪಿಗೆ ಸಿಕ್ಕಿದ ಮೇಲೆ ನಿಜವಾದ ಒಡನಾಟ. ಕಂಪನಿ 'ಆಯ್ತು, ಕೊಡ್ತೀವಿ' ಎಂದ ದಿನಕ್ಕೂ ದುಡ್ಡು ಬ್ಯಾಂಕಿಗೆ ಬಂದ ದಿನಕ್ಕೂ ನಡುವೆ ಎರಡು ಮೂರು ತಿಂಗಳು ಸುಲಭವಾಗಿ ಹೋಗುತ್ತದೆ. ಮೊದಲು ಅವರ ಪಟ್ಟಿಯಲ್ಲಿ ಸಮಿತಿಯ ಹಿಂದಿರುವ ಸಂಸ್ಥೆಯ ಹೆಸರು ಸೇರಬೇಕು. ಅದಕ್ಕೆ ಪ್ಯಾನ್, ಜಿಎಸ್‌ಟಿ ನೋಂದಣಿ, ರದ್ದು ಮಾಡಿದ ಚೆಕ್ಕು. ಆಮೇಲೆ ಪರ್ಚೇಸ್ ಆರ್ಡರ್. ಆ ಆರ್ಡರಿನ ಸಂಖ್ಯೆ ಬರೆದ ಇನ್‌ವಾಯ್ಸ್. ಇನ್‌ವಾಯ್ಸ್ ಸೇರಿದ ದಿನದಿಂದ ಮೂವತ್ತೋ ನಲವತ್ತೈದೋ ದಿನಕ್ಕೆ ಹಣ. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ, ಬೇರೆ ರಾಜ್ಯದ ಜಿಎಸ್‌ಟಿ ಸಂಖ್ಯೆ ಹಾಕಿದರೂ ಅದು ವಾಪಸ್ ಬರುತ್ತದೆ, ದಿನಗಳ ಎಣಿಕೆ ಮೊದಲಿನಿಂದ ಶುರು. ಬಹಳಷ್ಟು ಕಂಪನಿಗಳ ಬಜೆಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಹೊರದೇಶದ ಕೆಲವರದು ಜನವರಿಯಿಂದ ಡಿಸೆಂಬರ್. ಬಜೆಟ್ ಹಂಚಿಕೆಯಾದ ಮೇಲೆ ಹೋಗಿ ಕೇಳಿದವರಿಗೆ 'ಮುಂದಿನ ವರ್ಷ ನೋಡೋಣ' ಎಂಬ ಉತ್ತರ ಸಿಗುವುದು ಮನಸ್ಸಿಲ್ಲದ್ದಕ್ಕಲ್ಲ.

ಕೈಗೆ ಬರುವ ಮೊತ್ತದ ಲೆಕ್ಕದಲ್ಲಿಯೂ ಹೊಸಬರು ಎಡವುತ್ತಾರೆ. 5 ಲಕ್ಷದ ಪ್ರಾಯೋಜಕತ್ವಕ್ಕೆ ಸಮಿತಿಯ ಸಂಸ್ಥೆ ಶೇ 18 ಜಿಎಸ್‌ಟಿ ಹಾಕಿ ಬಿಲ್ ಮಾಡುವ ಬಗೆಯದ್ದಾದರೆ ಇನ್‌ವಾಯ್ಸ್ 5.9 ಲಕ್ಷಕ್ಕಿರುತ್ತದೆ. ಅದರಲ್ಲಿ 90 ಸಾವಿರ ಸರ್ಕಾರದ್ದು. ಕಂಪನಿಯವರು ಮೂಲ ಮೊತ್ತದ ಮೇಲೆ ಶೇ 10 ಟಿಡಿಎಸ್ ಹಿಡಿದರೆ ಇನ್ನೂ 50 ಸಾವಿರ ಕಡಿಮೆ ಬರುತ್ತದೆ. ಆ 50 ಸಾವಿರ ರಿಟರ್ನ್ಸ್ ಸಲ್ಲಿಸಿದ ಮೇಲೆ ವಾಪಸ್ ಬರಬಹುದು, ಆದರೆ ಊಟದ ಕಂಟ್ರಾಕ್ಟರಿಗೆ ದುಡ್ಡು ಕೊಡಬೇಕಾದ ದಿನ ಕೈಯಲ್ಲಿರುವುದು ನಾಲ್ಕೂವರೆ ಲಕ್ಷ ಮಾತ್ರ. ಸಂಸ್ಥೆಯ ಬಗೆ ನೋಡಿಕೊಂಡು ನಿಯಮ ಬದಲಾಗುತ್ತದೆ, ಹಾಗಾಗಿ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಬೇಕು.

ಇಷ್ಟೆಲ್ಲ ಹೇಳಿದ್ದು ತೆರಿಗೆ ಪಾಠಕ್ಕಲ್ಲ. ಕಂಪನಿಯ ಆ ಕಿರಿಯ ಅಧಿಕಾರಿಗೂ ಇದೇ ತಲೆನೋವು. ಅವರ ಫೈನಾನ್ಸಿನವರು ಅವರನ್ನು ಅಲೆದಾಡಿಸುತ್ತಿರುತ್ತಾರೆ. ಇತ್ತ ಕಡೆ ಬೇಕಾದ ಕಾಗದ ಕೇಳಿದ ಗಂಟೆಯೊಳಗೆ ಕಳಿಸುವ, ತಪ್ಪಿದ್ದರೆ ಅಂದೇ ತಿದ್ದುವ ಒಬ್ಬಳು ಸಿಕ್ಕರೆ ವಾರಕ್ಕೆರಡು ಸಲ ಆಗುವ ಆ ಫೋನಿನಲ್ಲಿ ಕಾಗದದ ಮಾತು ಎರಡು ನಿಮಿಷಕ್ಕೆ ಮುಗಿದು ಉಳಿದದ್ದು ಬರುತ್ತದೆ: ಅವರ ತಂಡ ಈಗ ಏನು ಕಟ್ಟುತ್ತಿದೆ, ಯಾಕೆ ಜನ ಸಿಗುತ್ತಿಲ್ಲ, ಇವಳು ತನ್ನ ಕೆಲಸದಲ್ಲಿ ಏನು ಮಾಡುತ್ತಾಳೆ. ಯಾರೂ ಯಾರಿಗೂ ಬಯೋಡೇಟಾ ಕೊಟ್ಟಿರುವುದಿಲ್ಲ. ಆದರೂ ಮೂರು ತಿಂಗಳಲ್ಲಿ ಅವಳು ಕೆಲಸ ಮಾಡುವ ರೀತಿ ಅವರಿಗೆ ಗೊತ್ತಾಗಿರುತ್ತದೆ. ಸಂದರ್ಶನದಲ್ಲಿ ಒಂದು ಗಂಟೆ ಕೇಳಿದರೂ ಅಷ್ಟು ತಿಳಿಯುವುದಿಲ್ಲ.

ಸಮ್ಮೇಳನದ ಹಿಂದಿನ ಸಂಜೆ ಮಳಿಗೆಗಳು ಏಳುವ ಹೊತ್ತು. ಆಗ ಅಲ್ಲಿರುವುದು ಮುಖ್ಯ. ಸ್ಟ್ಯಾಂಡಿ ಬಂದಿದೆ, ಅದರ ಕಾಲು ಬಂದಿಲ್ಲ. ಕೊರಿಯರಿನಲ್ಲಿ ಬಂದ ಆರು ಡಬ್ಬಗಳಲ್ಲಿ ಒಂದು ಕಾವಲುಗಾರರ ಕೋಣೆಯಲ್ಲಿ ಉಳಿದಿದೆ. ಮಳಿಗೆಗೊಂದು ಪ್ಲಗ್ ಎಂದಿದ್ದರು, ಅವರು ತಂದಿರುವುದು ಎರಡು ಟಿವಿ. ಪ್ರತಿಯೊಬ್ಬ ಪ್ರಾಯೋಜಕರಿಗೂ ಸಮಿತಿಯ ಒಬ್ಬರ ಹೆಸರು, ಒಂದು ಫೋನ್ ನಂಬರು ಕೊಟ್ಟಿದ್ದರೆ ಈ ಗಲಿಬಿಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎಲ್ಲರಿಗೂ ಒಂದೇ ವಾಟ್ಸ್‌ಆ್ಯಪ್ ಗುಂಪು ಮಾಡಿಬಿಟ್ಟರೆ ಯಾರ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ, ಒಬ್ಬರ ಸಿಟ್ಟನ್ನು ಎಂಟು ಜನ ಓದುತ್ತಾರೆ. ಮಳಿಗೆಯಲ್ಲಿ ಮಧ್ಯಾಹ್ನದವರೆಗೂ ನಿಂತೇ ಇರುವ ಹುಡುಗರಿಗೆ ಊಟಕ್ಕೆ ಬಿಡುವು ಕೊಡಿಸಿದರೆ ಅದನ್ನೂ ಅವರು ತಮ್ಮ ಕಚೇರಿಯಲ್ಲಿ ಹೇಳಿಕೊಳ್ಳುತ್ತಾರೆ.

ಹೀಗೆ ಕಟ್ಟಿದ್ದನ್ನು ಕೆಡಿಸುವ ದಾರಿಗಳೂ ಇವೆ. ಸಮಿತಿಯ ಸ್ಥಾನವನ್ನೇ ಅಂಗಡಿ ಮಾಡಿಕೊಳ್ಳುವುದು ಒಂದು. ಪ್ರಾಯೋಜಕರೊಂದಿಗೆ ದರದ ಮಾತು ನಡೆಯುತ್ತಿರುವಾಗ 'ನಿಮ್ಮಲ್ಲಿ ನನಗೊಂದು ಕೆಲಸ...' ಎಂದರೆ ಅವರು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಇಲ್ಲವೆಂದರೆ ಮಳಿಗೆ ಮೂಲೆಗೆ ಹೋದೀತೇನೋ ಎಂಬ ಅನುಮಾನ ಹುಟ್ಟುತ್ತದೆ. ಸ್ವಂತ ಕಂಪನಿಯವರ ಪ್ರಸ್ತಾವ ಪರಿಶೀಲನೆಗೆ ಬಂದಾಗ ಬಾಯಿಬಿಟ್ಟು ಹೇಳಿ ಆ ಒಂದರಿಂದ ಹಿಂದೆ ಸರಿಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಪಟ್ಟಿ ಒಯ್ಯುವುದು. ಟಿಕೆಟ್ ತಂಡದ ಕಡತದಲ್ಲಿ ಐನೂರು ಜನರ ಇಮೇಲು, ಫೋನು ಇರುತ್ತದೆ. ಅವರು ಅದನ್ನು ಕೊಟ್ಟದ್ದು ಟಿಕೆಟ್ಟಿಗಾಗಿ. ಅದನ್ನು ಪ್ರಾಯೋಜಕರಿಗೆ ದಾಟಿಸುವುದು, ತನ್ನ ಸ್ವಂತ ಕೆಲಸಕ್ಕೆ ಬಳಸುವುದು ನಂಬಿಕೆದ್ರೋಹ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಕಾನೂನಿನ ಪ್ರಶ್ನೆಯೂ ಹೌದು. ಮಳಿಗೆಗೆ ಬಂದವರು ತಾವಾಗಿ ಬ್ಯಾಡ್ಜ್ ಸ್ಕ್ಯಾನ್ ಮಾಡಿಸಿಕೊಂಡರೆ ಅದು ಬೇರೆ ಮಾತು. ಪ್ರಾಯೋಜಕರು ಪಟ್ಟಿ ಕೇಳಿಯೇ ಕೇಳುತ್ತಾರೆ. ಆಗ ಇಲ್ಲ ಎಂದು ನಯವಾಗಿ ಹೇಳಿದವರ ಮೇಲೆ ಅವರಿಗೆ ಗೌರವ ಕಡಿಮೆಯಾಗುವುದನ್ನು ನಾನು ಕಂಡಿಲ್ಲ.

ಸಮಿತಿಯನ್ನೂ ನೀವು ಅಳೆದು ನೋಡಿ ಸೇರಬೇಕು. ಬ್ಯಾಂಕ್ ಖಾತೆ ಯಾವ ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿದೆ, ಯಾರದಾದರೂ ಸ್ವಂತ ಖಾತೆಗೆ ದುಡ್ಡು ಹೋಗುತ್ತಿದೆಯೇ? ಕಳೆದ ವರ್ಷದ ಆಯವ್ಯಯ ಸಮಿತಿಯವರಿಗಾದರೂ ತೋರಿಸುತ್ತಾರೆಯೇ? ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಯಾರಿಗೆ ಕೊಡಬೇಕು ಎಂಬ ನಡವಳಿಕೆಯ ನಿಯಮ ಇದೆಯೇ? ಇವುಗಳಿಗಿಂತ ಸರಳವಾದ ಪರೀಕ್ಷೆ ಒಂದಿದೆ: ಹಿಂದಿನ ವರ್ಷದ ಸ್ವಯಂಸೇವಕರಲ್ಲಿ ಎಷ್ಟು ಜನ ಈ ವರ್ಷವೂ ಬಂದಿದ್ದಾರೆ ಎಂದು ನೋಡಿ. ಇಬ್ಬರು ನಾಯಕರು ಮಾತ್ರ ಹಳಬರು, ಉಳಿದವರೆಲ್ಲ ಹೊಸ ಮುಖ ಎಂದಾದರೆ ಅಲ್ಲಿ ಜನರನ್ನು ಹಿಂಡಿ ಬಿಸಾಡುತ್ತಾರೆ ಎಂದೇ ಅರ್ಥ. ಶುರುವಿನಲ್ಲಿ ವಾರಕ್ಕೆ ಮೂರು ನಾಲ್ಕು ಗಂಟೆ, ಕೊನೆಯ ತಿಂಗಳಲ್ಲಿ ಅದರ ಮೂರು ಪಟ್ಟು ಎಂದು ಲೆಕ್ಕ ಹಾಕಿ, ಕಚೇರಿಯಲ್ಲಿ ಎರಡು ದಿನದ ರಜೆಯನ್ನು ಮುಂಚೆಯೇ ಹೇಳಿಟ್ಟುಕೊಳ್ಳಿ. ಒಪ್ಪಿಕೊಂಡು ನಡುವೆ ಮಾಯವಾದವರನ್ನೂ ಈ ಸಣ್ಣ ಲೋಕ ನೆನಪಿಟ್ಟುಕೊಳ್ಳುತ್ತದೆ.

ಸಮ್ಮೇಳನ ಮುಗಿದ ಸೋಮವಾರ ಸಮಿತಿಯ ಎಲ್ಲರೂ ಮಲಗಿರುತ್ತಾರೆ, ಮಲಗಬೇಕಾದದ್ದೇ. ಆದರೆ ಅದರ ನಂತರದ ಎರಡು ವಾರಗಳಲ್ಲಿ ಮೂರು ಕೆಲಸಗಳಿವೆ, ಯಾರೂ ಮುಂದೆ ಬಾರದೆ ಅನಾಥವಾಗಿ ಬಿದ್ದಿರುವಂಥವು. ಭಾಷಣಕಾರರ ಪ್ರಯಾಣದ ಬಿಲ್ಲುಗಳನ್ನು ಖಜಾಂಚಿಯ ಬೆನ್ನು ಬಿದ್ದು ತೀರಿಸುವುದು ಮೊದಲನೆಯದು. ಕೈಯಿಂದ ಹಾಕಿದ ಹನ್ನೆರಡು ಸಾವಿರ ಎರಡು ತಿಂಗಳಾದರೂ ಬರದಿದ್ದರೆ ಎಷ್ಟು ಚೆನ್ನಾಗಿ ಉಪಚರಿಸಿದ್ದರೂ ಮರೆತುಹೋಗುತ್ತದೆ. ಎರಡನೆಯದು ಅವರ ಭಾಷಣದ ವಿಡಿಯೊ ಕೊಂಡಿ ಮತ್ತು ಕೇಳುಗರು ಬರೆದ ಅಭಿಪ್ರಾಯಗಳನ್ನು ಕಳಿಸುವುದು. ಮೂರನೆಯದು ಪ್ರಾಯೋಜಕರಿಗೆ ವರದಿ: ಎಷ್ಟು ಜನ ಬಂದರು, ಅವರಲ್ಲಿ ವಿದ್ಯಾರ್ಥಿಗಳೆಷ್ಟು, ಉದ್ಯೋಗಿಗಳೆಷ್ಟು, ಅವರ ಮಳಿಗೆಯ ನಾಲ್ಕು ಒಳ್ಳೆಯ ಫೋಟೊ, ಒಪ್ಪಂದದಲ್ಲಿ ಹೇಳಿದ್ದು ಎಲ್ಲೆಲ್ಲಿ ನೆರವೇರಿತು, ಏನು ತಪ್ಪಿತು. ಎರಡೇ ಪುಟ ಸಾಕು. ಕಂಪನಿಯ ಆ ಕಿರಿಯ ಅಧಿಕಾರಿಗೆ ತಮ್ಮ ಮೇಲಿನವರ ಮುಂದಿಡಲು ಅದೇ ಬೇಕು. ಅವರು ಮುಂದಿನ ವರ್ಷ ಬೇರೆ ಕಂಪನಿಗೆ ಹೋಗಿರಬಹುದು, ಈ ಉದ್ಯಮದಲ್ಲಿ ಅದು ಮಾಮೂಲು. ಹೋದಲ್ಲಿ ಅವರ ಕೈಗೆ ಹೊಸ ಬಜೆಟ್ ಬಂದಾಗ, ಹಾಸನದ ಆ ಹುಡುಗಿಗೆ ಈ ಸಲ ಫೋನು ಮಾಡುವವರು ಅವರೇ.